34ಕ್ಕೇ ಮುಟ್ಟು ನಿಂತರೆ ಅದು ಮೆನೋಪಾಸ್ ಅಲ್ಲ

“ಮೇಡಂ, ನನಗೆ 34 ವರ್ಷ. ಸೋಮವಾರಪೇಟೆ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. 6 ವರ್ಷದ ಮಗ ಇದ್ದಾನೆ. 7 ತಿಂಗಳಿಂದ ಮುಟ್ಟಾಗಿಲ್ಲ. ರಾತ್ರಿ ಬೆವರಿ ಎಚ್ಚರ ಆಗುತ್ತೆ. ರಕ್ತ ಪರೀಕ್ಷೆಯಲ್ಲಿ ಎಫ್‌ಎಸ್‌ಎಚ್ 62 ಬಂತು. ‘ಬೇಗ ಮೆನೋಪಾಸ್ ಆಗಿದೆ’ ಅಂತ ಹೇಳಿ ಹಾರ್ಮೋನ್ ಮಾತ್ರೆ ಬರೆದುಕೊಟ್ಟರು. ನಮ್ಮಮ್ಮನಿಗೂ 42ಕ್ಕೇ ನಿಂತಿತ್ತು, ಅವರು ಯಾವ ಮಾತ್ರೆಯೂ ತಗೊಂಡಿಲ್ಲ. ‘ಹಾರ್ಮೋನ್ ತಗೊಂಡ್ರೆ ಕ್ಯಾನ್ಸರ್ ಬರುತ್ತೆ, ತಿಂಗಳ ರಗಳೆ ತಪ್ಪಿತಲ್ಲ, ಸುಮ್ನಿರು’ ಅಂತಾರೆ ಅತ್ತೆ. ಮಾತ್ರೆ ತಗೊಳ್ಳದೇ ಇದ್ದರೆ ಏನಾಗುತ್ತೆ?”
— ಓದುಗರು, ಸೋಮವಾರಪೇಟೆ ತಾಲೂಕು

ನಿಮ್ಮತ್ತೆ ಹೇಳಿದ್ದರಲ್ಲಿ ಒಂದು ಮಾತು ನಿಜ, ತಿಂಗಳ ರಗಳೆ ತಪ್ಪಿದೆ. ಆದರೆ ಮುಟ್ಟಿನ ಜೊತೆಗೆ ಇನ್ನೊಂದೂ ತಪ್ಪಿದೆ. ಅದು ಕಣ್ಣಿಗೆ ಕಾಣಲ್ಲ. ನಿಮ್ಮ ಮೂಳೆಗೆ, ಹೃದಯಕ್ಕೆ ದಿನಾ ಸಿಗುತ್ತಿದ್ದ ಈಸ್ಟ್ರೋಜನ್ ನಿಂತುಹೋಗಿದೆ. 50ಕ್ಕೆ ನಿಂತರೆ ದೇಹ ಅದಕ್ಕೆ ಸಿದ್ಧವಾಗಿರುತ್ತದೆ. 34ಕ್ಕೆ ಅಲ್ಲ. ಹಾಗಾಗಿ ಮಾತ್ರೆ ಬೇಕಾಗುತ್ತದೆ ಅಂತಲೇ ನನ್ನ ಅಭಿಪ್ರಾಯ. ಯಾಕೆ ಅನ್ನುವುದನ್ನು ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ.

ಮೊದಲು ಆ 62ರ ಕಥೆ. ಎಫ್‌ಎಸ್‌ಎಚ್ ಅಂಡಾಶಯದಲ್ಲಿ ತಯಾರಾಗುವ ಹಾರ್ಮೋನ್ ಅಲ್ಲ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಅದನ್ನು ಕಳಿಸುತ್ತದೆ. ‘ಒಂದು ಮೊಟ್ಟೆ ಬೆಳೆಸು, ಈಸ್ಟ್ರೋಜನ್ ಮಾಡು’ ಅಂತ ಅಂಡಾಶಯವನ್ನು ಕೂಗಿ ಕರೆಯುವ ಹಾರ್ಮೋನ್ ಅದು. ತೋಟದ ರೈಟರ್ ಬೆಳಿಗ್ಗೆ ಲೈನ್‌ಮನೆ ಮುಂದೆ ನಿಂತು ಆಳು ಕರೆಯುವುದನ್ನು ನೆನೆಸಿಕೊಳ್ಳಿ. ಜನ ಬೇಗ ಬಂದರೆ ಒಂದೇ ಕೂಗು ಸಾಕು. ಯಾರೂ ಬರದಿದ್ದರೆ ಕೂಗು ಏರುತ್ತಾ ಹೋಗುತ್ತದೆ. 62 ಅಂದರೆ ನಿಮ್ಮ ಪಿಟ್ಯುಟರಿ ಗಂಟಲು ಹರಿದುಕೊಂಡು ಕೂಗುತ್ತಿದೆ ಅಂತ. ನಿಮ್ಮ ವಯಸ್ಸಿನಲ್ಲಿ, ಮುಟ್ಟಿನ ಆರಂಭದ ದಿನಗಳಲ್ಲಿ ಇದು ಸಾಮಾನ್ಯವಾಗಿ 10ರ ಒಳಗೆ ಇರುತ್ತದೆ.

40 ತುಂಬುವ ಮೊದಲು, 4 ತಿಂಗಳೋ ಅದಕ್ಕಿಂತ ಹೆಚ್ಚೋ ಮುಟ್ಟು ನಿಂತಿದ್ದರೆ ಅಥವಾ ಅಡ್ಡಾದಿಡ್ಡಿಯಾಗಿದ್ದರೆ, ಜೊತೆಗೆ ಎಫ್‌ಎಸ್‌ಎಚ್ 25 ದಾಟಿದ್ದರೆ ಅದಕ್ಕೆ ಪ್ರಿಮೆಚ್ಯೂರ್ ಓವೇರಿಯನ್ ಇನ್‌ಸಫಿಶಿಯೆನ್ಸಿ ಅನ್ನುತ್ತೇವೆ. ಚಿಕ್ಕದಾಗಿ ಪಿಒಐ. ಅಂಡಾಶಯ ಅವಧಿಗೆ ಮೊದಲೇ ಸೋತಿದೆ ಅಂತ ಅರ್ಥ. ಹಿಂದೆ 4 ವಾರ ಬಿಟ್ಟು ಎರಡು ಸಲ ಎಫ್‌ಎಸ್‌ಎಚ್ ಮಾಡಿಸಲೇಬೇಕು ಅಂತಿತ್ತು. 2024ರಲ್ಲಿ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿ, ಸ್ಪಷ್ಟವಾಗಿ ಏರಿದ್ದರೆ ಒಂದೇ ಸಲ ಸಾಕು, ಅನುಮಾನ ಇದ್ದರೆ ಮಾತ್ರ 4ರಿಂದ 6 ವಾರ ಬಿಟ್ಟು ಇನ್ನೊಮ್ಮೆ ನೋಡಿ ಅನ್ನುತ್ತದೆ. ನಿಮ್ಮ ಲಕ್ಷಣಗಳನ್ನೂ 62ನ್ನೂ ಜೊತೆಗೆ ನೋಡಿದರೆ ನನಗೆ ದೊಡ್ಡ ಅನುಮಾನ ಇಲ್ಲ. ಇದು ತೀರಾ ಅಪರೂಪದ್ದೂ ಅಲ್ಲ. ಮೊದಲು ನೂರಕ್ಕೆ ಒಬ್ಬರಿಗೆ ಅನ್ನುತ್ತಿದ್ದೆವು, ಈಗಿನ ಅಂದಾಜು ನೂರಕ್ಕೆ ಮೂರೂವರೆ.

ಬೇರೆ ಓದುಗರಿಗಾಗಿ ಇಲ್ಲೊಂದು ಮಾತು ಸೇರಿಸುತ್ತೇನೆ. ಗರ್ಭನಿರೋಧಕ ಮಾತ್ರೆ ತಿನ್ನುತ್ತಿರುವಾಗ ಎಫ್‌ಎಸ್‌ಎಚ್ ಮಾಡಿಸಿದರೆ ಅದು ಕಡಿಮೆ ತೋರಿಸುತ್ತದೆ, ಕಾಯಿಲೆ ಮುಚ್ಚಿಹೋಗುತ್ತದೆ. ಕೂದಲು ಉದುರುತ್ತೆ ಅಂತ ಬಯೋಟಿನ್ ಮಾತ್ರೆ ನುಂಗುವವರು ನಮ್ಮಲ್ಲಿ ಈಗ ಜಾಸ್ತಿ. ಕೆಲವು ಲ್ಯಾಬುಗಳ ವಿಧಾನದಲ್ಲಿ ಬಯೋಟಿನ್ ಕೂಡ ಎಫ್‌ಎಸ್‌ಎಚ್ ಅನ್ನು ಸುಳ್ಳಾಗಿ ಇಳಿಸಿ ತೋರಿಸುತ್ತದೆ. ರಕ್ತ ಕೊಡುವ ಮೊದಲು ಇವನ್ನು ಹೇಳಿಬಿಡಿ.

ಇನ್ನು ‘ಬೇಗ ಮೆನೋಪಾಸ್’ ಅನ್ನುವ ಮಾತಿಗೆ ಬರೋಣ. ಈ ಮಾತಿನ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ. ನಿಮ್ಮ ಡಾಕ್ಟರು ಮಾತ್ರೆ ಸರಿಯಾಗೇ ಬರೆದಿದ್ದಾರೆ, ಹೆಸರು ಮಾತ್ರ ತಪ್ಪಿದೆ. ಹೆಸರು ತಪ್ಪಿದರೆ ಮನೆಯವರ ಲೆಕ್ಕವೂ ತಪ್ಪುತ್ತದೆ. ನಿಮ್ಮಮ್ಮನಿಗೆ 42ಕ್ಕೆ ನಿಂತಿದ್ದು ನಿಜವಾದ ಬೇಗ ಮೆನೋಪಾಸ್. 40ರಿಂದ 45ರೊಳಗೆ ಪೂರ್ತಿ ನಿಂತುಹೋದರೆ ಹಾಗನ್ನುತ್ತೇವೆ. ನಮ್ಮ ದೇಶದ ಹೆಂಗಸರಿಗೆ ಸರಾಸರಿ 46–47ಕ್ಕೆ ಮುಟ್ಟು ನಿಲ್ಲುತ್ತದೆ. ಅಂದರೆ ಅಮ್ಮ ನಾಲ್ಕೈದು ವರ್ಷ ಮುಂಚೆ ಹೋದರು. ನೀವು ಹನ್ನೆರಡು ಹದಿಮೂರು ವರ್ಷ ಮುಂಚೆ. ಅವರನ್ನು ನೋಡಿ ನಿಮ್ಮ ಮುಂದಿನದನ್ನು ಅಳೆಯಲು ಆಗಲ್ಲ.

ವಯಸ್ಸಿಗಿಂತ ದೊಡ್ಡ ವ್ಯತ್ಯಾಸ ಇನ್ನೊಂದಿದೆ. ಮೆನೋಪಾಸ್ ಅಂದರೆ ಅಂಗಡಿ ಬಾಗಿಲು ಹಾಕಿ ಬೀಗ ಜಡಿದ ಹಾಗೆ. 12 ತಿಂಗಳು ಮುಟ್ಟಾಗದಿದ್ದರೆ ಮುಗಿಯಿತು ಅಂತ ಹೇಳಬಹುದು. ಪಿಒಐನಲ್ಲಿ ಬೀಗ ಬಿದ್ದಿರುವುದಿಲ್ಲ. ಮೊಟ್ಟೆಗಳು ತುಂಬಾ ಕಡಿಮೆ ಆಗಿರುತ್ತವೆ ಅಥವಾ ಉಳಿದವು ಕೂಗಿಗೆ ಓಗೊಡುತ್ತಿರುವುದಿಲ್ಲ. ಆದರೂ ಆಗೊಮ್ಮೆ ಈಗೊಮ್ಮೆ ಒಂದು ಎದ್ದು ಬರುತ್ತದೆ. ಆ ತಿಂಗಳು ಈಸ್ಟ್ರೋಜನ್ ಏರುತ್ತದೆ, ಬೆವರು ನಿಲ್ಲುತ್ತದೆ, ಕೆಲವೊಮ್ಮೆ ಮುಟ್ಟೂ ಬರುತ್ತದೆ. ಆಗ ‘ಸರಿಹೋಯ್ತು’ ಅಂತ ಮಾತ್ರೆ ಬಿಡುವವರಿದ್ದಾರೆ. ಮತ್ತೆರಡು ತಿಂಗಳಿಗೆ ಮೊದಲಿನ ಹಾಗೇ. ಅದಕ್ಕೇ ಇದಕ್ಕೆ ‘ನಿಂತುಹೋಗಿದೆ’ ಅನ್ನದೆ ‘ಸಾಲದಾಗಿದೆ’ ಅನ್ನುವ ಅರ್ಥದ ಹೆಸರು ಇಟ್ಟಿದ್ದಾರೆ.

ಇದರಿಂದ ಒಂದು ಫಜೀತಿಯೂ ಆಗುತ್ತದೆ. ಪಿಒಐ ಇರುವ ನೂರು ಜನರಲ್ಲಿ ಐದರಿಂದ ಹತ್ತು ಜನ ಯಾವ ಚಿಕಿತ್ಸೆಯೂ ಇಲ್ಲದೆ ಬಸುರಿಯಾಗುತ್ತಾರೆ. ಯಾರು, ಯಾವಾಗ ಅಂತ ಹೇಳಲು ಬರಲ್ಲ. ಮಗು ಬೇಕು ಅನ್ನುವವರಿಗೆ ಇದು ತೀರಾ ಸಣ್ಣ ಭರವಸೆ, ಬೇಡ ಅನ್ನುವವರಿಗೆ ಸಾಕಷ್ಟು ದೊಡ್ಡ ಅಪಾಯ. ವಿರಾಜಪೇಟೆ ಕಡೆಯ ಒಬ್ಬರು ‘ನನಗೆ ನಿಂತುಹೋಗಿದೆಯಲ್ಲ’ ಅಂತ ಏನೂ ಬಳಸದೆ ಇದ್ದು, 38ರಲ್ಲಿ ನಾಲ್ಕು ತಿಂಗಳ ಬಸುರಿಯಾಗಿ ನನ್ನ ಮುಂದೆ ಕೂತಿದ್ದರು. ಗ್ಯಾಸ್ ಅಂದುಕೊಂಡಿದ್ದರಂತೆ. ಈಗ ಬರೆದುಕೊಟ್ಟಿರುವ ಹಾರ್ಮೋನ್ ಮಾತ್ರೆ ಗರ್ಭ ನಿಲ್ಲದಂತೆ ತಡೆಯುವುದಿಲ್ಲ ಅನ್ನುವುದು ನೆನಪಿರಲಿ. ಎರಡನೇ ಮಗು ಬೇಡ ಅಂತಿದ್ದರೆ ಬೇರೆ ವ್ಯವಸ್ಥೆ ಮಾಡಿಕೊಳ್ಳಿ. ಬೇಕು ಅಂತಿದ್ದರೆ ಕಾಯುತ್ತಾ ವರ್ಷ ಕಳೆಯಬೇಡಿ, ಬಂಜೆತನದ ತಜ್ಞರನ್ನು ಈಗಲೇ ನೋಡಿ. ದಾನಿಯ ಅಂಡಾಣು ಬಳಸುವ ದಾರಿ ಹೆಚ್ಚು ಫಲ ಕೊಡುತ್ತದೆ. ನಮ್ಮಲ್ಲಿ ಅದಕ್ಕೆ 2021ರ ಕಾನೂನು ಇದೆ.

ಈಗ ನಿಮ್ಮ ಮುಖ್ಯ ಪ್ರಶ್ನೆ, ತಗೊಳ್ಳದಿದ್ದರೆ ಏನಾಗುತ್ತೆ.

ಒಬ್ಬರ ವಿಷಯ ಹೇಳುತ್ತೇನೆ. ಹೆಸರು, ಊರು ಬೇಡ. ಶಾಲೆಯಲ್ಲಿ ಪಾಠ ಹೇಳುವವರು. 29ಕ್ಕೆ ಮುಟ್ಟು ತಪ್ಪತೊಡಗಿತು. ಅವರು ಹೋದ ಕಡೆ ‘ಟೆನ್ಷನ್ನಿಂದ’ ಅಂದರಂತೆ. ಮುಟ್ಟು ಬರಿಸುವ ಮಾತ್ರೆ ಹತ್ತು ದಿನಕ್ಕೆ ಕೊಟ್ಟರು. ಮೊದಲೆರಡು ಸಲ ಸ್ವಲ್ಪ ಬಂತು. ಆಮೇಲೆ ಮಾತ್ರೆ ತಿಂದರೂ ಬರಲಿಲ್ಲ. ಅಲ್ಲೇ ಒಂದು ಸುಳಿವಿತ್ತು. ಆ ಮಾತ್ರೆಯಲ್ಲಿರುವುದು ಪ್ರೊಜೆಸ್ಟರಾನ್ ಜಾತಿಯ ಹಾರ್ಮೋನ್. ಈಸ್ಟ್ರೋಜನ್ ಕಟ್ಟಿದ ಪದರವನ್ನು ಉದುರಿಸುವುದು ಅದರ ಕೆಲಸ. ಈಸ್ಟ್ರೋಜನ್ನೇ ಇಲ್ಲದಿದ್ದರೆ ಪದರ ಎಲ್ಲಿಂದ ಬರಬೇಕು, ಉದುರುವುದಾದರೂ ಏನು? ಆಗಲೇ ಒಂದು ಎಫ್‌ಎಸ್‌ಎಚ್ ಮಾಡಿಸಿದ್ದರೆ ಗೊತ್ತಾಗುತ್ತಿತ್ತು. ಯಾರೂ ಮಾಡಿಸಲಿಲ್ಲ. ಇವರೂ ಬೇಸತ್ತು ಡಾಕ್ಟರ ಹತ್ತಿರ ಹೋಗುವುದನ್ನೇ ಬಿಟ್ಟರು.

36ರಲ್ಲಿ, ಜುಲೈ ತಿಂಗಳ ಮಳೆಯಲ್ಲಿ, ಅಂಗಳದ ಪಾಚಿಯ ಮೇಲೆ ಕಾಲು ಜಾರಿತು. ನಿಂತ ಎತ್ತರದಿಂದ ಬಿದ್ದದ್ದು ಅಷ್ಟೇ, ಕೈ ಊರಿದರು, ಮಣಿಕಟ್ಟು ಮುರಿಯಿತು. ನಮ್ಮ ಕೊಡಗಿನಲ್ಲಿ ಮಳೆಗಾಲದಲ್ಲಿ ಜಾರದವರು ಯಾರಿದ್ದಾರೆ ಹೇಳಿ. ಆದರೆ ಆ ವಯಸ್ಸಿಗೆ ಹಾಗೆ ಬಿದ್ದರೆ ಸಾಮಾನ್ಯವಾಗಿ ಕೈ ತರಚುತ್ತದೆ, ಮುರಿಯಲ್ಲ. ಕೈಗೆ ಪಟ್ಟಿ ಹಾಕಿದ ಮೂಳೆ ಡಾಕ್ಟರು ‘ಮುಟ್ಟು ಸರಿಯಾಗಿ ಆಗುತ್ತಾ?’ ಅಂತ ಕೇಳಿದರು. ಅವರು ಕೇಳಿದ್ದರಿಂದ ಇವರು ನನ್ನ ಹತ್ತಿರ ಬಂದರು. ಎಫ್‌ಎಸ್‌ಎಚ್ 71. ಮೈಸೂರಿಗೆ ಹೋಗಿ ಡೆಕ್ಸಾ ಸ್ಕ್ಯಾನ್ ಮಾಡಿಸಿಕೊಂಡು ಬಂದರು. ಮೂಳೆ ಎಷ್ಟು ಗಟ್ಟಿ ಇದೆ ಅಂತ ಅಳೆಯುವ ಎಕ್ಸ್‌ರೇ ಅದು. ಬೆನ್ನುಮೂಳೆಯ ಝಡ್ ಸ್ಕೋರ್ ಮೈನಸ್ 2.6.

ಝಡ್ ಸ್ಕೋರ್ ಅಂದರೆ ನಿಮ್ಮ ವಯಸ್ಸಿನ ಉಳಿದ ಹೆಂಗಸರ ಜೊತೆ ಹೋಲಿಕೆ. ಸೊನ್ನೆ ಅಂದರೆ ಸರಾಸರಿ. ಮೈನಸ್ 2 ಅಥವಾ ಅದಕ್ಕಿಂತ ಕೆಳಗೆ ಹೋದರೆ ವಯಸ್ಸಿಗೆ ತಕ್ಕ ಮೂಳೆ ಇಲ್ಲ ಅಂತ. ರಿಪೋರ್ಟಿನಲ್ಲಿ ಟಿ ಸ್ಕೋರ್ ಅಂತ ಇನ್ನೊಂದು ಇರುತ್ತದೆ, ಅದು ಎಳೆಯ ವಯಸ್ಸಿನ ಗಟ್ಟಿ ಮೂಳೆಯ ಜೊತೆ ಹೋಲಿಕೆ. ಮುಟ್ಟು ನಿಂತ ವಯಸ್ಸಾದವರಿಗೆ ಅದನ್ನು ನೋಡುತ್ತೇವೆ. ನಿಮ್ಮ ರಿಪೋರ್ಟ್ ಬಂದಾಗ ಝಡ್ ಎಷ್ಟು ಅಂತ ಕೇಳಿ.

ಮೂಳೆ ಕಲ್ಲಿನ ಹಾಗೆ ಇದ್ದಲ್ಲೇ ಇರುವ ವಸ್ತು ಅಲ್ಲ. ಹಳೇ ಮೂಳೆಯನ್ನು ಕೆರೆದು ತೆಗೆಯುವ ಕೋಶಗಳು ಒಂದು ಕಡೆ, ಹೊಸದನ್ನು ತುಂಬುವ ಕೋಶಗಳು ಇನ್ನೊಂದು ಕಡೆ, ದಿನಾ ಕೆಲಸ ಮಾಡುತ್ತಲೇ ಇರುತ್ತವೆ. ಕೆರೆಯುವವರನ್ನು ಹದ್ದಿನಲ್ಲಿಡುವುದು ಈಸ್ಟ್ರೋಜನ್. ಅದು ಹೋದ ಮೇಲೆ ಕೆರೆಯುವುದು ಜಾಸ್ತಿ, ತುಂಬುವುದು ಕಡಿಮೆ. ಮೊದಲ ಕೆಲವು ವರ್ಷಗಳಲ್ಲೇ ನಷ್ಟ ಹೆಚ್ಚು. ಅದೂ ಬೆನ್ನುಮೂಳೆ, ಮಣಿಕಟ್ಟಿನಂಥ ಒಳಗೆ ಜಾಲರಿ ಇರುವ ಮೂಳೆಗಳಲ್ಲಿ ಮೊದಲು. ಇದರಲ್ಲಿ ನೋವಿರಲ್ಲ. ಮೇಷ್ಟ್ರಮ್ಮನಿಗೂ ಏಳು ವರ್ಷ ಒಂದು ದಿನವೂ ಮೂಳೆ ನೋವು ಇರಲಿಲ್ಲ.

ಹೃದಯದ ವಿಷಯವೂ ಹೀಗೇ ಸದ್ದಿಲ್ಲದ್ದು. ಈಸ್ಟ್ರೋಜನ್ ಇರುವ ತನಕ ರಕ್ತನಾಳದ ಒಳಗೋಡೆ ಮೆತ್ತಗಿರುತ್ತದೆ, ಕೆಟ್ಟ ಕೊಲೆಸ್ಟ್ರಾಲ್ ಹಿಡಿತದಲ್ಲಿರುತ್ತದೆ. 40ರ ಒಳಗೆ ಅದು ಹೋದವರಲ್ಲಿ ಮುಂದೆ ಹೃದಯಾಘಾತದಂಥ ಕಾಯಿಲೆಯ ಸಂಭವ ಸುಮಾರು ಒಂದೂವರೆ ಪಟ್ಟು ಆಗುತ್ತದೆ ಅಂತ ದೊಡ್ಡ ಅಧ್ಯಯನಗಳು ಹೇಳುತ್ತವೆ. ನಾಳೆಯೇ ಆಗುತ್ತೆ ಅಂತಲ್ಲ, ಐವತ್ತು ಅರವತ್ತರ ಲೆಕ್ಕ ಇದು. ಪುತ್ತರಿಗೆ ಪಂದಿಕರಿ ಬಿಟ್ಟುಬಿಡಿ ಅಂತ ನಾನು ಯಾರಿಗೂ ಹೇಳಲ್ಲ. ಆದರೆ ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ಈಗಿನಿಂದಲೇ ವರ್ಷಕ್ಕೊಮ್ಮೆ ನೋಡಿಸುತ್ತಿರಿ.

ಇನ್ನೊಂದನ್ನು ಹೆಂಗಸರು ಕೇಳುವುದೇ ಇಲ್ಲ, ಹಾಗಾಗಿ ನಾನೇ ಹೇಳಿಬಿಡುತ್ತೇನೆ. ಯೋನಿ ಒಣಗಿ ಗಂಡನ ಜೊತೆ ಸೇರುವಾಗ ಉರಿ, ನೋವು ಬರಬಹುದು. ಪದೇ ಪದೇ ಉರಿಮೂತ್ರ ಆಗಬಹುದು. ಇದು ನಿಮ್ಮಿಬ್ಬರ ನಡುವಿನ ತಾಪತ್ರಯ ಅಲ್ಲ, ಹಾರ್ಮೋನ್ ಕೊರತೆ. ಮಾತ್ರೆಯಿಂದ ಪೂರ್ತಿ ಹೋಗದಿದ್ದರೆ ಅಲ್ಲಿಗೇ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಸಿಗುತ್ತದೆ. ನಿದ್ದೆ ಕೆಡುವುದು, ಮನಸ್ಸು ಕುಗ್ಗುವುದು, ಹೇಳಬೇಕೆಂದ ಮಾತು ನಾಲಿಗೆ ತುದಿಗೆ ಬಂದು ಮರೆಯುವುದು, ಇವೂ ಇದರದ್ದೇ ಬಾಲ.

ಕ್ಯಾನ್ಸರ್ ಹೆದರಿಕೆ ಎಲ್ಲಿಂದ ಬಂತು ಅಂದರೆ, 2002ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನ ಹೊರಬಂತು. ಎರಡು ಹಾರ್ಮೋನ್ ಸೇರಿಸಿ ತಗೊಂಡವರಲ್ಲಿ ಸ್ತನ ಕ್ಯಾನ್ಸರ್ ಸ್ವಲ್ಪ ಹೆಚ್ಚು ಕಂಡಿತು. ಜಗತ್ತಿನಾದ್ಯಂತ ಹೆಂಗಸರು ಮಾತ್ರೆ ಎಸೆದರು. ಆದರೆ ಆ ಅಧ್ಯಯನದಲ್ಲಿದ್ದವರು 50ರಿಂದ 79 ವರ್ಷದವರು, ಸರಾಸರಿ 63. ಅವರ ದೇಹಕ್ಕೆ ಆ ವಯಸ್ಸಿನಲ್ಲಿ ಸಹಜವಾಗಿ ಇರದ ಹಾರ್ಮೋನನ್ನು ಮೇಲಿಂದ ಕೊಟ್ಟದ್ದು. ನಿಮಗೆ ಕೊಡುವುದು ಮೇಲಿಂದ ಅಲ್ಲ, ನಿಮ್ಮ ಓರಗೆಯವರ ಮೈಯಲ್ಲಿ ತಾನಾಗೇ ಇರುವಷ್ಟನ್ನು ವಾಪಸ್ ತುಂಬುವುದು. ಥೈರಾಯ್ಡ್ ಕಡಿಮೆ ಇದ್ದವರಿಗೆ ಥೈರಾಯ್ಡ್ ಮಾತ್ರೆ ಕೊಡುವುದಿಲ್ಲವೇ, ಹಾಗೆ. ಪಿಒಐ ಇರುವವರು ಸಹಜ ವಯಸ್ಸಿನ ತನಕ ಹಾರ್ಮೋನ್ ತಗೊಂಡರೆ, ಮುಟ್ಟಾಗುತ್ತಿರುವ ಅದೇ ವಯಸ್ಸಿನವರಿಗಿಂತ ಸ್ತನ ಕ್ಯಾನ್ಸರ್ ಹೆಚ್ಚು ಅಂತ ಈ ತನಕ ಕಂಡುಬಂದಿಲ್ಲ. ನಿಮ್ಮತ್ತೆಯ ವಯಸ್ಸಿಗೆ ಅವರ ಹೆದರಿಕೆ ನ್ಯಾಯವೇ, ನಿಮ್ಮ ವಯಸ್ಸಿಗೆ ಹೊಂದಲ್ಲ. ನಿಮಗೇ ಸ್ತನ ಕ್ಯಾನ್ಸರ್ ಆಗಿದ್ದರೆ ಮಾತ್ರ ಕಥೆ ಬೇರೆ, ಆಗ ಈ ಮಾತ್ರೆ ಕೊಡುವುದಿಲ್ಲ.

ಪ್ರಮಾಣದಲ್ಲಿ ಒಂದು ತಪ್ಪು ಆಗಾಗ ಆಗುತ್ತದೆ. ವಯಸ್ಸಾದವರ ಬಿಸಿ ಬೆವರಿಗೆ ಕೊಡುವ 1 ಮಿಲಿಗ್ರಾಂ ಈಸ್ಟ್ರೋಜನ್ ಅನ್ನೇ ಎಳೆಯರಿಗೂ ಬರೆಯುತ್ತಾರೆ. ಬೆವರು ನಿಲ್ಲುತ್ತದೆ, ಮೂಳೆಗೆ ಸಾಲುವುದಿಲ್ಲ. ನಿಮ್ಮ ವಯಸ್ಸಿಗೆ ಎಸ್ಟ್ರಾಡಯಾಲ್ ಅನ್ನುವ ಈಸ್ಟ್ರೋಜನ್ ದಿನಕ್ಕೆ ಕನಿಷ್ಠ 2 ಮಿಲಿಗ್ರಾಂ ಮಾತ್ರೆ, ಇಲ್ಲವೇ 100 ಮೈಕ್ರೊಗ್ರಾಂನ ಚರ್ಮದ ಪಟ್ಟಿ ಅಥವಾ ಅದಕ್ಕೆ ಸಮನಾದ ಜೆಲ್ ಬೇಕಾಗುತ್ತದೆ. ಮೈಗ್ರೇನ್, ಬಿಪಿ, ಜಾಸ್ತಿ ತೂಕ, ರಕ್ತ ಹೆಪ್ಪುಗಟ್ಟುವ ಅಪಾಯ ಇದ್ದವರಿಗೆ ಚರ್ಮದ ದಾರಿಯೇ ವಾಸಿ. ಗರ್ಭಕೋಶ ಇರುವುದರಿಂದ ಜೊತೆಗೆ ಪ್ರೊಜೆಸ್ಟರಾನ್ ಬೇಕೇ ಬೇಕು. ಸಾಮಾನ್ಯವಾಗಿ ತಿಂಗಳಿಗೆ 12 ರಾತ್ರಿ 200 ಮಿಲಿಗ್ರಾಂ. ಮಲಗುವಾಗ ತಗೊಳ್ಳಿ, ನಿದ್ದೆ ತರಿಸುತ್ತದೆ. ಇದನ್ನು ಬಿಟ್ಟು ಈಸ್ಟ್ರೋಜನ್ ಮಾತ್ರ ನುಂಗಿದರೆ ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗುತ್ತದೆ, ಅದರಿಂದ ಕ್ಯಾನ್ಸರ್ ಅಪಾಯ ನಿಜವಾಗಿಯೂ ಇದೆ. ನಿಮ್ಮ ಚೀಟಿಯಲ್ಲಿ ಎರಡೂ ಇದೆಯಾ, ಎಷ್ಟು ಮಿಲಿಗ್ರಾಂ ಇದೆ ಅಂತ ಒಮ್ಮೆ ನೋಡಿ. ತಿಂಗಳ ಕೊನೆಗೆ ಬರುವ ಮುಟ್ಟು ಮಾತ್ರೆಯದ್ದು, ಅಂಡಾಶಯ ಎದ್ದಿತು ಅಂತ ಅಲ್ಲ. 48–50ರ ತನಕ ತಗೊಂಡು, ಆಮೇಲೆ ಮುಂದುವರಿಸಬೇಕಾ ಅಂತ ಆಗ ಯೋಚಿಸಿದರಾಯಿತು.

ಮೇಷ್ಟ್ರಮ್ಮ ಇದನ್ನೇ ಶುರು ಮಾಡಿದರು. ಮೂರನೇ ವಾರಕ್ಕೆ ರಾತ್ರಿ ಬೆವರು ಹೋಯಿತು. ಸ್ತನಗಳ ಬಿಗಿತ ಒಂದೆರಡು ತಿಂಗಳು ಇದ್ದು ತಾನೇ ಇಳಿಯಿತು. ಎರಡು ವರ್ಷದ ಮೇಲೆ ಮತ್ತೆ ಡೆಕ್ಸಾ ಮಾಡಿಸಿದಾಗ ಬೆನ್ನಿನ ಝಡ್ ಮೈನಸ್ 1.9. ಕಳೆದದ್ದೆಲ್ಲ ವಾಪಸ್ ಬರಲಿಲ್ಲ, ಬರುವುದೂ ಇಲ್ಲ. ಏಳು ವರ್ಷ ತಡವಾಗಿತ್ತು. ನಿಮ್ಮದು ಏಳೇ ತಿಂಗಳು.

ಮೂಳೆಗೆ ಉಳಿದದ್ದು ಊಟ ಮತ್ತು ಬಿಸಿಲು. ದಿನಕ್ಕೆ ಸುಮಾರು 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಒಂದು ಲೋಟ ಹಾಲಿನಲ್ಲಿ ಅದರ ಕಾಲು ಭಾಗ ಸಿಗುತ್ತದೆ. ನಮ್ಮ ಅಕ್ಕಿಯ ಕಡುಬು, ನೂಪುಟ್ಟಿನಲ್ಲಿ ಕ್ಯಾಲ್ಸಿಯಂ ಹೆಚ್ಚಿಲ್ಲ, ಮಧ್ಯೆ ಮಧ್ಯೆ ರಾಗಿ ತಿನ್ನಿ. ಮುಳ್ಳು ಸಮೇತ ತಿನ್ನುವ ಸಣ್ಣ ಒಣಮೀನೂ ಒಳ್ಳೆಯದು, ಉಪ್ಪು ನೋಡಿಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮಗೆ ಬಿಸಿಲೇ ಇಲ್ಲ, ಮೈತುಂಬ ಬಟ್ಟೆ ಬೇರೆ. ವಿಟಮಿನ್ ಡಿ ನೋಡಿಸಿ, ಕಡಿಮೆ ಇದ್ದರೆ ಅದಕ್ಕೂ ಮಾತ್ರೆ. ಏರುತಗ್ಗಿನ ತೋಟದಲ್ಲಿ ಓಡಾಡುವುದು, ಹೊರೆ ಹೊರುವುದು ಮೂಳೆಗೆ ಒಳ್ಳೆಯ ಕೆಲಸ, ಅದನ್ನು ನಿಲ್ಲಿಸಬೇಡಿ.

ಕಾರಣ ಹುಡುಕುವುದು ಬಾಕಿ ಇದೆ. ಬಹಳ ಜನರಲ್ಲಿ ಕಾರಣ ಸಿಗುವುದಿಲ್ಲ, ಆದರೂ ಮೂರು ನೋಡಲೇಬೇಕು. ಒಂದು, ಕ್ರೋಮೋಸೋಮ್ ಪರೀಕ್ಷೆ. ಎರಡನೇ ಎಕ್ಸ್ ಕ್ರೋಮೋಸೋಮ್ ಕೆಲವು ಕೋಶಗಳಲ್ಲಿ ಇಲ್ಲದಿದ್ದರೆ ಹೀಗಾಗಬಹುದು, ಮಗು ಆಗಿದ್ದರೂ ಇದನ್ನು ತಳ್ಳಿಹಾಕಲು ಆಗಲ್ಲ. ಎರಡು, ಮೈಯ ರಕ್ಷಣಾ ವ್ಯವಸ್ಥೆಯೇ ಗ್ರಂಥಿಗಳ ಮೇಲೆ ತಿರುಗಿಬಿದ್ದಿದೆಯಾ ಅಂತ ನೋಡುವ ಥೈರಾಯ್ಡ್ ಮತ್ತು ಅಡ್ರಿನಲ್ ಪರೀಕ್ಷೆ. ಎದ್ದು ನಿಂತರೆ ತಲೆ ಸುತ್ತುವುದು, ಕಾರಣವಿಲ್ಲದೆ ಮೈ ಕಪ್ಪಾಗುತ್ತಾ ಬರುವುದು, ಉಪ್ಪು ತಿನ್ನುವ ಆಸೆ ಜಾಸ್ತಿಯಾಗುವುದು ಇದ್ದರೆ ಕಾಯಬೇಡಿ, ತಕ್ಷಣ ತೋರಿಸಿ. ಅಡ್ರಿನಲ್ ಸೋತರೆ ಜೀವಕ್ಕೆ ಅಪಾಯ.

ಮೂರನೆಯದು ಎಫ್‌ಎಂಆರ್1 ಅನ್ನುವ ಜೀನ್. ನಿಮ್ಮ ಪತ್ರದಲ್ಲಿ ಅಮ್ಮನಿಗೆ 42 ಅಂತ ಓದಿದಾಗ ನನಗೆ ಮೊದಲು ಹೊಳೆದದ್ದು ಇದೇ. ಎಕ್ಸ್ ಕ್ರೋಮೋಸೋಮಿನಲ್ಲಿರುವ ಈ ಜೀನ್ ಸ್ವಲ್ಪ ಉದ್ದವಾಗಿದ್ದರೆ, ಅಂಥ ಹೆಂಗಸರಲ್ಲಿ ಐವರಿಗೊಬ್ಬರಿಗೆ ಪಿಒಐ ಬರುತ್ತದೆ. ತಾಯಿಯಿಂದ ಮಗುವಿಗೆ ದಾಟುವಾಗ ಅದು ಇನ್ನಷ್ಟು ಉದ್ದವಾಗಿ, ಮುಖ್ಯವಾಗಿ ಗಂಡುಮಕ್ಕಳಲ್ಲಿ ಬುದ್ಧಿ ಬೆಳವಣಿಗೆಯ ತೊಂದರೆ ತರಬಹುದು. ನಿಮ್ಮ ಮಗನ ಮಾತು, ಓದು ಸರಿಯಾಗಿದ್ದರೆ ಗಾಬರಿ ಬೇಡ. ಆದರೆ ಇನ್ನೊಂದು ಮಗುವಿನ ಯೋಚನೆ ಇದ್ದರೆ ಮೊದಲು ಇದು ಗೊತ್ತಾಗಬೇಕು. ನಿಮಗೆ ತಂಗಿ ಇದ್ದರೆ ಅವಳಿಗೂ ಬೇಕಾದ ಸುದ್ದಿ ಇದು, ಅವಳ ಅಂಡಾಶಯ ಇನ್ನೂ ಕೆಲಸ ಮಾಡುತ್ತಿರುವಾಗಲೇ.

ಡೆಕ್ಸಾಕ್ಕೆ ಮೈಸೂರಿಗೆ ಹೋಗುವಾಗ ಅಮ್ಮನನ್ನೂ ಕರೆದುಕೊಂಡು ಹೋಗಿ. 42ಕ್ಕೆ ನಿಂತು, ಏನೂ ತಗೊಳ್ಳದೆ ಇಷ್ಟು ವರ್ಷ ಕಳೆದಿದ್ದಾರೆ. ಅವರ ಮೂಳೆಯನ್ನೂ ಒಂದು ಸಲ ಅಳೆಸಬೇಕು.